ಫೋನಿಗೆ ಬಂದ ತಮಿಳು ಲಗ್ನಪತ್ರಿಕೆಗೆ ಒಂದು ಉತ್ತರ

ಮೈಸೂರಿನಲ್ಲಿ ವರ್ಷಗಟ್ಟಲೆ ನೆರೆಮನೆಯಲ್ಲಿದ್ದು ಸೇಲಂಗೆ ಹೋದವರು ಮಗಳ ಮದುವೆ ಪತ್ರಿಕೆಯ ಫೋಟೊ ಕಳಿಸಿದ್ದಾರೆ. ಇಡೀ ಪತ್ರಿಕೆ ತಮಿಳಿನಲ್ಲಿದೆ, ಜೊತೆಗೆ ಒಂದು ಸಾಲಿನ ಒಕ್ಕಣೆಯೂ ಇಲ್ಲ. ಹೋಗಲು ಆಗುವುದಿಲ್ಲ. ಹಾಗಂತ ಕೈಮುಗಿದ ಚಿತ್ರವೊಂದನ್ನು ಒತ್ತಿ ಸುಮ್ಮನಾಗುವ ನೆಂಟಸ್ತಿಕೆಯೂ ಇದಲ್ಲ.

ಉತ್ತರ ಬರೆಯುವ ಮುಂಚೆ ತಮಿಳು ಬಲ್ಲವರ ಹತ್ತಿರ ಪತ್ರಿಕೆ ಓದಿಸಿಕೊಳ್ಳಿ. ಎಡವುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ತಾರೀಖು. ‘ತೈ 15’ ಎಂದಿದ್ದರೆ ಅದು ಜನವರಿ 15 ಅಲ್ಲ. ತಮಿಳು ತಿಂಗಳು ಸೂರ್ಯನ ಲೆಕ್ಕದ್ದು. ನಮ್ಮ ಸಂಕ್ರಾಂತಿಯ ಹೊತ್ತಿಗೆ ತೈ ಶುರುವಾಗುವುದರಿಂದ ಅದರ 15ನೇ ದಿನ ಬರುವುದು ಜನವರಿ ಕೊನೆಗೆ. ಇಂಗ್ಲಿಷ್ ತಾರೀಖು ಸಾಮಾನ್ಯವಾಗಿ ಅಲ್ಲೇ ಪಕ್ಕದಲ್ಲಿರುತ್ತದೆ, ಫೋಟೊದ ಅಂಚಿನಲ್ಲಿ ಕತ್ತರಿಸಿ ಹೋಗಿರದಿದ್ದರೆ! ರಿಸೆಪ್ಶನ್ ಬಹಳ ಸಲ ಮುಹೂರ್ತದ ಹಿಂದಿನ ಸಂಜೆಯೇ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಎರಡನೆಯದು ಹೆಸರು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅಕ್ಷರ ಕೂಡಿಸಿ ಓದುವವರಿಗೆ ಗಾಯತ್ರಿ ‘ಕಾಯತ್ರಿ’ ಆಗಿಬಿಡುತ್ತಾಳೆ. ‘ಸೆಲ್ವಿ’ ಎಂಬುದು ಎಷ್ಟೋ ಸಲ ನಮ್ಮ ‘ಕುಮಾರಿ’ ಇದ್ದ ಹಾಗೆ ಹೆಸರಿನ ಹಿಂದೆ ಬರುವ ಮಾತು. ಅದನ್ನೇ ಹೆಣ್ಣಿನ ಹೆಸರೆಂದುಕೊಂಡು ಹರಸಿದರೆ ಆಭಾಸ.

ಇನ್ನು ಕಾಗದ. ಹುಡುಗಿ ಇಲ್ಲೇ ಕನ್ನಡ ಶಾಲೆಯಲ್ಲಿ ಓದಿದವಳು, ಅಪ್ಪನಿಗೆ ಓದಿ ಹೇಳುತ್ತಾಳೆ. ಹಾಗಾಗಿ ಕನ್ನಡದಲ್ಲೇ ಹೀಗೆ ಬರೆಯಬಹುದು:

‘ಅಣ್ಣ, ಅತ್ತಿಗೆಯವರಿಗೆ ನಮಸ್ಕಾರಗಳು. ಗಾಯತ್ರಿಯ ಲಗ್ನಪತ್ರಿಕೆ ತಲುಪಿತು. ನಮ್ಮ ಕಣ್ಣೆದುರು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದವಳು ಹಸೆಮಣೆ ಏರುತ್ತಿದ್ದಾಳೆಂದು ಮನೆಯವರಿಗೆಲ್ಲ ಸಂತೋಷ. ಜನವರಿ 29ರಂದೇ ನನ್ನ ತಮ್ಮನ ಮನೆಯ ಗೃಹಪ್ರವೇಶವಿದೆ. ಮುಹೂರ್ತಕ್ಕಾಗಲಿ ಹಿಂದಿನ ಸಂಜೆಗಾಗಲಿ ನಾವು ಯಾರೂ ಬರಲು ಆಗುತ್ತಿಲ್ಲ. ಅನ್ಯಥಾ ಭಾವಿಸಬೇಡಿ. ವಧೂವರರಿಗೆ ನಮ್ಮ ಆಶೀರ್ವಾದ. ಈ ಕಡೆ ಬಂದಾಗ ಅವರು ನಮ್ಮಲ್ಲಿ ಊಟ ಮಾಡಿಕೊಂಡೇ ಹೋಗಬೇಕು.’

‘ನೋಡೋಣ, ಪ್ರಯತ್ನ ಮಾಡ್ತೀವಿ’ ಎಂಬ ಮಾತು ಇದರಲ್ಲಿಲ್ಲ. ಕೇಳಲು ಹಿತವಾದರೂ ಅಡುಗೆಯವರಿಗೆ ಎಲೆ ಲೆಕ್ಕ ಕೊಡುವ ಮನೆಯವರಿಗೆ ಅದರಿಂದ ತಾಪತ್ರಯ. ‘ಯಾರೂ’ ಎಂದು ಬರೆದದ್ದೂ ಅದಕ್ಕೇ, ಇಲ್ಲದಿದ್ದರೆ ಮನೆಯಿಂದ ಒಬ್ಬರಾದರೂ ಬಂದಾರು ಎಂದು ಕಾಯುತ್ತಾರೆ. ಕಾರಣ ಒಂದೇ ವಾಕ್ಯದಲ್ಲಿ ಮುಗಿಯಲಿ. ಅದು ಸೂತಕವೋ ಆಸ್ಪತ್ರೆಯೋ ಆಗಿದ್ದರೆ, ಮದುವೆ ಮನೆಗೆ ಹೋಗುವ ಕಾಗದದಲ್ಲಿ ‘ಅನಿವಾರ್ಯ ಕಾರಣದಿಂದ’ ಎಂದರೆ ಸಾಕು. ಪತ್ರಿಕೆ ಓದಲು ಪಟ್ಟ ಪಾಡನ್ನಂತೂ ಬರೆಯಲೇಬೇಡಿ. ಕೈಗೆ ಪತ್ರಿಕೆ ಕೊಟ್ಟು ಕರೆಯಲಿಲ್ಲ ಎಂಬ ಆಕ್ಷೇಪಣೆಯಂತೆ ಕೇಳಿಸುತ್ತದೆ.

ನಮ್ಮ ಮುಯ್ಯಿಯನ್ನು ಅಲ್ಲಿ ಮೊಯ್ ಎನ್ನುತ್ತಾರೆ. ಬೇಡವೆಂದು ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದರೆ ಕಳಿಸಬೇಡಿ. ಹಾಗೇನೂ ಇಲ್ಲದಿದ್ದರೆ 501 ಅಥವಾ 1,001, ಅದೂ ಮದುವೆಯ ದಿನ ಫೋನ್ ಮಾಡಿ ಮಾತಾಡಿದ ಮೇಲೆ.