ನಾಲ್ಕೇ ನಾರ್ ಗೇಟುಗಳಲ್ಲಿ ಮುಗಿಯುವ ಆಯ್ಕೆಯ ಸರ್ಕ್ಯೂಟ್

ನಾರ್ ಗೇಟಿನ ಎಲ್ಲ ಇನ್‌ಪುಟ್‌ಗಳೂ 0 ಆಗಿದ್ದಾಗ ಮಾತ್ರ ಅದರ ಔಟ್‌ಪುಟ್ 1 ಆಗುತ್ತದೆ. ಒಂದರಲ್ಲಾದರೂ 1 ಬಂದರೆ ಔಟ್‌ಪುಟ್ 0. ಆರ್ ಗೇಟಿನ ಉತ್ತರವನ್ನು ತಿರುಗಿಸಿದರೆ ಸಿಗುವುದು ಇದೇ. ಆರ್, ಆ್ಯಂಡ್, ನಾಟ್ ಮೂರನ್ನೂ ನಾರ್ ಗೇಟುಗಳಿಂದಲೇ ಕಟ್ಟಲು ಸಾಧ್ಯವಿರುವುದರಿಂದ ಯಾವುದೇ ತರ್ಕ ಫಲನಕ್ಕೂ ಈ ಒಂದೇ ಬಗೆಯ ಗೇಟು ಸಾಕು. ಚಂದ್ರಯಾನದ ಅಪೊಲೊ ನೌಕೆಗಳಲ್ಲಿದ್ದ ಮಾರ್ಗದರ್ಶಿ ಕಂಪ್ಯೂಟರಿನ ತರ್ಕಭಾಗವನ್ನು 3 ಇನ್‌ಪುಟ್‌ಗಳ ನಾರ್ ಗೇಟುಗಳಿಂದಲೇ ಕಟ್ಟಲಾಗಿತ್ತು. ಆದರೆ ಎಷ್ಟು ಗೇಟು ಬೇಕಾಗುತ್ತದೆ ಎನ್ನುವುದು ಫಲನವನ್ನು ಯಾವ ರೂಪದಲ್ಲಿ ಬರೆಯಲಾಗಿದೆ ಎಂಬುದನ್ನು ಅವಲಂಬಿಸಿದೆ. ನಾರ್ ಗೇಟಿಗೆ ಒಗ್ಗುವ ರೂಪ ಮೊತ್ತಗಳ ಗುಣಲಬ್ಧ.

ಎರಡು ಸಂಕೇತಗಳಲ್ಲಿ ಒಂದನ್ನು ಆರಿಸುವ ಸರ್ಕ್ಯೂಟನ್ನು ಉದಾಹರಣೆಯಾಗಿ ನೋಡಬಹುದು. S ಎಂಬ ಆಯ್ಕೆಯ ಇನ್‌ಪುಟ್ 0 ಇದ್ದಾಗ A ಹೊರಬರಬೇಕು, 1 ಇದ್ದಾಗ B ಹೊರಬರಬೇಕು. ಕೂಡುವ ಚಿಹ್ನೆ ಆರ್ ಕ್ರಿಯೆಯನ್ನೂ, ಅಕ್ಷರದ ಮುಂದಿನ ' ಗುರುತು ನಾಟ್ ಕ್ರಿಯೆಯನ್ನೂ ಸೂಚಿಸಿದರೆ ಅದರ ರೂಪ ಹೀಗಿರುತ್ತದೆ:

```
F = (S + A)(S' + B)
```

S = 0 ಆದಾಗ ಎರಡನೆಯ ಆವರಣ 1 ಆಗಿ, ಮೊದಲನೆಯದರಲ್ಲಿ A ಉಳಿಯುತ್ತದೆ. S = 1 ಆದಾಗ ಮೊದಲನೆಯದು 1 ಆಗಿ B ಉಳಿಯುತ್ತದೆ.

ಇದನ್ನು ಇದ್ದಂತೆಯೇ ಕಟ್ಟಲು ಒಂದು ನಾಟ್, ಎರಡು ಆರ್, ಒಂದು ಆ್ಯಂಡ್ ಬೇಕು. ಪ್ರತಿಯೊಂದರ ಜಾಗದಲ್ಲೂ ನಾರ್ ಗೇಟುಗಳನ್ನು ಇಟ್ಟರೆ ಲೆಕ್ಕ ಬೆಳೆಯುತ್ತದೆ. ನಾಟ್‌ಗೆ ಎರಡೂ ಇನ್‌ಪುಟ್ ಜೋಡಿಸಿದ ಒಂದು ನಾರ್ ಸಾಕು. ಆರ್‌ಗೆ ಒಂದು ನಾರ್, ಅದರ ಉತ್ತರ ತಿರುಗಿಸಲು ಇನ್ನೊಂದು, ಹೀಗೆ ಎರಡು. ಆ್ಯಂಡ್‌ಗೆ ಇನ್‌ಪುಟ್‌ಗಳನ್ನು ತಿರುಗಿಸಲು ಎರಡು, ಕೊನೆಗೊಂದು, ಒಟ್ಟು ಮೂರು. ಎಲ್ಲ ಸೇರಿ 1 + 4 + 3, ಅಂದರೆ 8 ಗೇಟು.

ಉಳಿತಾಯ ಇರುವುದು ಎರಡು ಹಂತಗಳು ಸೇರುವ ಜಾಗದಲ್ಲಿ. ಪ್ರತಿ ಆರ್‌ನ ಕೊನೆಯಲ್ಲಿ ತಿರುಗಿಸುವ ಒಂದು ಗೇಟಿದೆ. ಅದರ ಬೆನ್ನಿಗೇ ಆ್ಯಂಡ್‌ನ ಆರಂಭದಲ್ಲಿ ತಿರುಗಿಸುವ ಮತ್ತೊಂದಿದೆ. ಎರಡು ಸಲ ತಿರುಗಿಸಿದ ಸಂಕೇತ ಮೊದಲಿನಂತೆಯೇ ಇರುವುದರಿಂದ ಈ ಜೋಡಿ ವ್ಯರ್ಥ. ಅಂಥ ಎರಡು ಜೋಡಿಗಳನ್ನು ಕಿತ್ತರೆ 4 ಗೇಟು ಉಳಿತಾಯವಾಗಿ 4 ಮಾತ್ರ ಉಳಿಯುತ್ತವೆ. ಬೀಜಗಣಿತದಲ್ಲಿ ಡಿ ಮಾರ್ಗನ್ ನಿಯಮವೂ ಇದನ್ನೇ ಹೇಳುತ್ತದೆ:

```
F = ((S + A)' + (S' + B)')'
```

ಒಳಗಿನ ಎರಡು ಆವರಣಗಳು ಎರಡು ನಾರ್, ಹೊರಗಿನದು ಒಂದು ನಾರ್, S' ಪಡೆಯಲು ಒಂದು. 7402 ಎಂಬ ಐಸಿಯಲ್ಲಿ ಎರಡು ಇನ್‌ಪುಟ್‌ಗಳ ನಾಲ್ಕು ನಾರ್ ಗೇಟುಗಳಿವೆ. ಆದ್ದರಿಂದ ಇಡೀ ಸರ್ಕ್ಯೂಟಿಗೆ ಒಂದೇ ಐಸಿ ಸಾಕಾಗುತ್ತದೆ. ನಾಟ್, ಆರ್, ಆ್ಯಂಡ್ ಬಳಸಿದ್ದರೆ ಗೇಟುಗಳ ಸಂಖ್ಯೆ ನಾಲ್ಕೇ ಆದರೂ ಬೇರೆ ಬೇರೆ ಬಗೆಯ ಮೂರು ಐಸಿ ಬೇಕಾಗುತ್ತಿದ್ದವು. ಜೋಡಿಸುವಾಗ ಒಂದನ್ನು ಗಮನಿಸಬೇಕು: 7400 ನ್ಯಾಂಡ್ ಐಸಿಯಲ್ಲಿ 1 ಮತ್ತು 2ನೇ ಪಿನ್ನುಗಳು ಇನ್‌ಪುಟ್, 3ನೆಯದು ಔಟ್‌ಪುಟ್, 7402ರಲ್ಲಿ 1ನೆಯದೇ ಔಟ್‌ಪುಟ್, 2 ಮತ್ತು 3 ಇನ್‌ಪುಟ್.

ಇದೇ ಫಲನವನ್ನು ಗುಣಲಬ್ಧಗಳ ಮೊತ್ತವಾಗಿ, S'A + SB ಎಂದು ಬರೆದು ನಾರ್‌ಗಳಿಂದ ಕಟ್ಟಿದರೆ S, A, B ಮೂರನ್ನೂ ತಿರುಗಿಸಲು 3, ಎರಡು ಪದಗಳಿಗೆ 2, ಅವನ್ನು ಕೂಡಿಸಲು 1, ಕೊನೆಯಲ್ಲಿ ತಿರುಗಿಸಲು 1, ಒಟ್ಟು 7 ಗೇಟು ಬೇಕು.

ಆವರಣದಲ್ಲಿ ಒಂದೇ ಅಕ್ಷರವಿದ್ದಾಗ ತಪ್ಪಾಗುವುದುಂಟು. A(B + C) ಎಂಬಲ್ಲಿ A ಮೊದಲ ಹಂತದ ಯಾವ ನಾರ್ ಅನ್ನೂ ದಾಟಿ ಬಂದಿರುವುದಿಲ್ಲ, ಹಾಗಾಗಿ ಅದನ್ನು ತಿರುಗಿಸಿಯೇ ಕೊನೆಯ ಗೇಟಿಗೆ ಕೊಡಬೇಕು. ಮರೆತರೆ ಸಿಗುವುದು A'(B + C). A ಮತ್ತು B ಎರಡಕ್ಕೂ 1 ಕೊಟ್ಟು ನೋಡಿದಾಗ 1 ಬರಬೇಕಾದಲ್ಲಿ 0 ಬಂದರೆ ತಪ್ಪು ಇಲ್ಲೇ ಇದೆ. ಈ ಫಲನದಲ್ಲಿ ಕಿತ್ತುಹಾಕಬಹುದಾದ ಜೋಡಿ ಒಂದೇ. 5 ಗೇಟುಗಳು 3ಕ್ಕೆ ಇಳಿಯುತ್ತವೆ.

ಗೇಟು ಕಡಿಮೆ ಮಾಡುವುದಕ್ಕೂ ಮಿತಿಯಿದೆ. ಆಯ್ಕೆಯ ಸರ್ಕ್ಯೂಟಿನಲ್ಲಿ A, B ಎರಡೂ 0 ಇದ್ದು S ಸೊನ್ನೆಯಿಂದ ಒಂದಕ್ಕೆ ಹೋದಾಗ ಔಟ್‌ಪುಟ್ 0 ಆಗಿಯೇ ಉಳಿಯಬೇಕು. ಆದರೆ S' ಒಂದು ಗೇಟಿನಷ್ಟು ತಡವಾಗಿ ಬರುವುದರಿಂದ ಒಳಗಿನ ಎರಡೂ ನಾರ್‌ಗಳು ಕ್ಷಣಮಾತ್ರ 0 ತೋರಿಸಿ, ಔಟ್‌ಪುಟ್ 1ಕ್ಕೆ ಜಿಗಿದು ಮರಳುತ್ತದೆ. ಮೀಟರಿಗೆ ಸಿಗದ ಈ ಜಿಗಿತ ಆಸಿಲೋಸ್ಕೋಪಿನಲ್ಲಿ ಕಾಣಬಲ್ಲದು. ಔಟ್‌ಪುಟ್ ಕೇವಲ ಒಂದು ದೀಪಕ್ಕೆ ಹೋಗುವುದಾದರೆ ಇದರಿಂದ ತೊಂದರೆಯಿಲ್ಲ. ಎಣಿಕೆಯ ಸರ್ಕ್ಯೂಟಿಗೆ ಹೋದರೆ ಒಂದು ಹುಸಿ ಎಣಿಕೆ ಸೇರಿಕೊಳ್ಳಬಹುದು. ಅದನ್ನು ತಡೆಯಲು (A + B) ಎಂಬ ಮೂರನೆಯ ಆವರಣ ಸೇರಿಸಬೇಕು. ಆಗ ಗೇಟುಗಳು 5 ಆಗುತ್ತವೆ, ಕೊನೆಯ ಗೇಟಿಗೆ ಮೂರು ಇನ್‌ಪುಟ್ ಬೇಕಾಗುತ್ತದೆ, 7402 ಒಂದೇ ಸಾಲುವುದಿಲ್ಲ.