ದೋಷವಿಲ್ಲದ ವಾಕ್ಯ, ನಿಂತುಹೋದ ಕಲಿಕೆ: ಮಧ್ಯಮ ಹಂತದ ಕನ್ನಡದಲ್ಲಿ ವರ್ಜನೆಯ ಪಾತ್ರ

ದ್ವಿತೀಯ ಭಾಷೆಯನ್ನು ಕಲಿಯುವವರು ಮಧ್ಯಮ ಹಂತಕ್ಕೆ ಬಂದ ಮೇಲೆ ಅವರ ಪ್ರಗತಿ ನಿಂತಂತೆ ತೋರುವುದು ಬೋಧಕರಿಗೂ ಸಂಶೋಧಕರಿಗೂ ಪರಿಚಿತವಾದ ಸಂಗತಿ. ಲ್ಯಾರಿ ಸೆಲಿಂಕರ್ 1972ರಲ್ಲಿ ಅಂತರಭಾಷೆಯ ಪರಿಕಲ್ಪನೆಯನ್ನು ಮಂಡಿಸಿದಾಗ, ಕಲಿಯುವವರ ಮಾತಿನಲ್ಲಿ ಬೇರೂರಿ ಉಳಿಯುವ ರೂಪಗಳಿಗೆ ವಿಶೇಷ ಗಮನ ಕೊಟ್ಟಿದ್ದರು. ಅಂದಿನಿಂದ ಈ ಚರ್ಚೆ ಬಹುಮಟ್ಟಿಗೆ ದೋಷಗಳ ಸುತ್ತಲೇ ನಡೆದಿದೆ. ಪ್ರಸ್ತುತ ಲೇಖನದಲ್ಲಿ ನಾವು ಇದಕ್ಕೆ ವಿರುದ್ಧ ದಿಕ್ಕಿನ ಕಾರಣವೊಂದನ್ನು ಪರಿಶೀಲಿಸುತ್ತೇವೆ. ಮಧ್ಯಮ ಹಂತದ ಕಲಿಯುವವರು ಅನೇಕ ವೇಳೆ ಕಠಿಣ ರಚನೆಯನ್ನು ತಪ್ಪಾಗಿ ಬಳಸುವುದಿಲ್ಲ. ಅದನ್ನು ಬಳಸುವುದೇ ಇಲ್ಲ.

ಈ ವರ್ಜನೆಯನ್ನು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಜಾಕ್ವೆಲಿನ್ ಶಾಕ್ಟರ್ ಪ್ರಮುಖರು. ಇಂಗ್ಲಿಷ್ ಕಲಿಯುತ್ತಿದ್ದವರ ಬರವಣಿಗೆಯನ್ನು ಹೋಲಿಸಿದ 1974ರ ಅವರ ಲೇಖನದಲ್ಲಿ, ಚೀನೀ ಮತ್ತು ಜಪಾನೀ ಭಾಷಿಕರು ಸಂಬಂಧಸೂಚಕ ಉಪವಾಕ್ಯಗಳಲ್ಲಿ ಕಡಿಮೆ ತಪ್ಪು ಮಾಡಿದ್ದರು. ಪಾರಸಿ ಮತ್ತು ಅರಬ್ಬೀ ಭಾಷಿಕರು ಹೆಚ್ಚು ತಪ್ಪು ಮಾಡಿದ್ದರು. ಆದರೆ ಮೊದಲ ಗುಂಪಿನವರು ಅಂಥ ಉಪವಾಕ್ಯಗಳನ್ನು ಬರೆದದ್ದೇ ಬಹಳ ಕಡಿಮೆ. ನಾಮಪದದ ಹಿಂದೆ ಉಪವಾಕ್ಯವನ್ನಿಡುವ ಭಾಷೆಗಳಿಂದ ಬಂದ ಅವರು, ಅದನ್ನು ನಾಮಪದದ ಮುಂದೆ ಇಡುವ ಇಂಗ್ಲಿಷ್ ರಚನೆಯಿಂದ ದೂರ ಸರಿದಿದ್ದರು. ದೋಷಗಳನ್ನಷ್ಟೇ ಎಣಿಸಿದ್ದರೆ ಅವರೇ ಮುಂದುವರಿದವರೆಂಬ ತೀರ್ಮಾನಕ್ಕೆ ಬರಬೇಕಾಗುತ್ತಿತ್ತು.

ಹಿಂದಿ ಮಾತೃಭಾಷೆಯವರು ಕನ್ನಡ ಕಲಿಯುವಾಗ ಪದಕ್ರಮದ ಈ ಸಮಸ್ಯೆ ತಿರುಗುಮುರುಗಾಗಿ ಎದುರಾಗುತ್ತದೆ. ಹಿಂದಿಯಲ್ಲಿ ಕೃದಂತ ವಿಶೇಷಣಗಳಿದ್ದರೂ ಪೂರ್ಣ ಉಪವಾಕ್ಯಕ್ಕೆ ‘ಜೋ – ವಹ’ ಎಂಬ ಜೋಡಿರಚನೆಯೇ ಸಹಜವಾದ ಮಾರ್ಗ. ಕನ್ನಡದಲ್ಲಿ ಆ ಕೆಲಸವನ್ನು ಮುಖ್ಯವಾಗಿ ಶಾಲಾ ವ್ಯಾಕರಣವು ಕೃದಂತನಾಮವೆಂದು ಕರೆಯುವ ‘ಬಂದ’, ‘ಕೊಟ್ಟ’, ‘ಹೋಗುವ’ ಎಂಬಂಥ ರೂಪಗಳು ನಾಮಪದದ ಹಿಂದೆ ನಿಂತು ಮಾಡುತ್ತವೆ. ನಿದರ್ಶನಕ್ಕಾಗಿ ನಾವೇ ರಚಿಸಿಕೊಂಡ ಈ ಮಾತನ್ನು ನೋಡಬಹುದು: “ನಿನ್ನೆ ಒಬ್ಬರು ಬಂದರು. ಅವರು ಒಂದು ಪುಸ್ತಕ ಕೊಟ್ಟರು. ಆ ಪುಸ್ತಕ ಇಲ್ಲಿ ಇಲ್ಲ.” ಇದರಲ್ಲಿ ಒಂದೂ ತಪ್ಪಿಲ್ಲ, ಕೇಳುಗನಿಗೆ ಅರ್ಥವಾಗದೆ ಉಳಿಯುವುದೂ ಏನಿಲ್ಲ. ಆದರೆ ಇದೇ ಸಂಗತಿಯನ್ನು ಕನ್ನಡಿಗರು “ನಿನ್ನೆ ಬಂದವರು ಕೊಟ್ಟ ಪುಸ್ತಕ ಇಲ್ಲಿಲ್ಲ” ಎಂದು ಒಂದೇ ವಾಕ್ಯದಲ್ಲಿ ಹೇಳಬಲ್ಲರು. ಕಲಿಯುವವರಿಗೆ ಮೂರು ವಾಕ್ಯಗಳಿಂದ ಕೆಲಸ ಕೈಗೂಡಿದೆ. ನಾಲ್ಕನೆಯ ಬಗೆಯ ವಾಕ್ಯವನ್ನು ಹುಡುಕಲು ಅವರಿಗೆ ಕಾರಣವಿಲ್ಲ. ಸ್ಥಗಿತತೆಗೆ ಸಂವಹನದ ಈ ಯಶಸ್ಸೇ ಮೂಲವೆಂದು ನಾವು ಭಾವಿಸುತ್ತೇವೆ.

ಈ ವರ್ಜನೆ ಒಂದು ರಚನೆಗೆ ಸೀಮಿತವಾಗದಿರುವುದಕ್ಕೆ ಕನ್ನಡದ ರೂಪವ್ಯವಸ್ಥೆಯಲ್ಲಿಯೇ ಕಾರಣವಿದೆ. ‘ಕೊಡು’ ಧಾತುವಿನ ಭೂತಕಾಲದ ಪ್ರಕೃತಿ ‘ಕೊಟ್ಟ್-’. ‘ಕೊಟ್ಟ’ ಮಾತ್ರವಲ್ಲದೆ ‘ಕೊಟ್ಟು’, ‘ಕೊಟ್ಟರೆ’, ‘ಕೊಟ್ಟರೂ’, ‘ಕೊಟ್ಟಾಗ’, ‘ಕೊಟ್ಟದ್ದು’ ಇವೆಲ್ಲವೂ ಅದೇ ಪ್ರಕೃತಿಯಿಂದ ಹುಟ್ಟುತ್ತವೆ. ‘ನಿಲ್ಲು – ನಿಂತ’, ‘ಏಳು – ಎದ್ದ’, ‘ಹೊರಡು – ಹೊರಟ’, ‘ತರು – ತಂದ’ ಮೊದಲಾದ ಬಳಕೆಯ ಧಾತುಗಳ ಸ್ಥಿತಿಯೂ ಇದೇ. ಆದ್ದರಿಂದ ಭೂತಪ್ರಕೃತಿ ನಾಲಗೆಗೆ ತಕ್ಷಣ ಒದಗದಿದ್ದರೆ ವಿಶೇಷಣ, ಷರತ್ತು, ವಿರೋಧ, ಕಾಲಸೂಚನೆ, ಕ್ರಿಯಾಸರಣಿ ಎಲ್ಲವೂ ಒಟ್ಟಿಗೆ ತಡೆಯುತ್ತವೆ. ಆಗ “ಅವನು ಕೊಟ್ಟರೆ ತರುತ್ತೇನೆ” ಎನ್ನಬೇಕಾದಲ್ಲಿ “ಅವನು ಕೊಡುತ್ತಾನಾ? ಹಾಗಾದರೆ ತರುತ್ತೇನೆ” ಎಂಬ ಸುತ್ತುದಾರಿ ಸಿದ್ಧವಾಗುತ್ತದೆ. ಹೊರನೋಟಕ್ಕೆ ಐದಾರು ಬಗೆಯ ಕೊರತೆಗಳಾಗಿ ಕಾಣುವುದು ಒಳಗೆ ಒಂದೇ ಕೊರತೆಯಾಗಿರಬಹುದು.

ಹಾಗಾದರೆ ಹೆಚ್ಚು ಕೇಳಿದರೆ, ಹೆಚ್ಚು ಓದಿದರೆ ಸಾಲದೇ? ಕೇಳುವಾಗಲೂ ಇದೇ ಬಗೆಯ ತಪ್ಪಿಸಿಕೊಳ್ಳುವಿಕೆ ಸಾಧ್ಯ. “ರಾಜು ಕರೆದ ಹುಡುಗಿ” ಮತ್ತು “ರಾಜುವನ್ನು ಕರೆದ ಹುಡುಗಿ” ಎಂಬ ಎರಡರಲ್ಲಿ ಕೃದಂತದ ರೂಪ ಒಂದೇ. ಕರೆದವರು ಯಾರೆಂಬುದನ್ನು ವಿಭಕ್ತಿಪ್ರತ್ಯಯವೊಂದೇ ತಿಳಿಸುತ್ತದೆ. ನಿಜಜೀವನದ ಸಂಭಾಷಣೆಯಲ್ಲಿ ಸಂದರ್ಭವೇ ಅದನ್ನು ಮೊದಲು ತಿಳಿಸಿಬಿಡುವುದರಿಂದ, ಪ್ರತ್ಯಯದತ್ತ ಕಿವಿಗೊಡದೆಯೇ ಅರ್ಥ ದಕ್ಕುತ್ತದೆ. ಬಿಲ್ ವ್ಯಾನ್‌ಪ್ಯಾಟನ್ ತಮ್ಮ ಸಿದ್ಧಾಂತದಲ್ಲಿ ಪ್ರತಿಪಾದಿಸಿದ್ದು ಇದನ್ನೇ: ಪದಗಳಿಂದ ಅರ್ಥ ಸಿಗುವಲ್ಲಿ ಕಲಿಯುವವರು ವ್ಯಾಕರಣರೂಪವನ್ನು ಬಿಟ್ಟು ಮುಂದೆ ಹೋಗುತ್ತಾರೆ.

ಈ ವಿಶ್ಲೇಷಣೆ ಸರಿಯಾದರೆ ಅಭ್ಯಾಸದಲ್ಲಿ ಮೂರು ಬದಲಾವಣೆಗಳು ಅಗತ್ಯವಾಗುತ್ತವೆ. ಮೊದಲನೆಯದು ನಿದಾನಕ್ಕೆ ಸಂಬಂಧಿಸಿದ್ದು. ಕಲಿಯುವವರು ಚಿತ್ರಸರಣಿಯೊಂದನ್ನು ನೋಡಿ ಕಥೆ ಹೇಳುವುದನ್ನು ಧ್ವನಿಮುದ್ರಿಸಿಕೊಂಡು, ಕನ್ನಡಿಗರೊಬ್ಬರು ಅದೇ ಚಿತ್ರಗಳಿಗೆ ಬಾಯಿಮಾತಿನಲ್ಲಿ ಹೇಳಿದ ಕಥೆಯೊಂದಿಗೆ ಹೋಲಿಸಬೇಕು. ಎಣಿಸಬೇಕಾದದ್ದು ತಪ್ಪುಗಳನ್ನಲ್ಲ, ಭೂತಪ್ರಕೃತಿಯಿಂದಾದ ಅಪೂರ್ಣ ಕ್ರಿಯಾರೂಪಗಳನ್ನು. ಹೋಲಿಕೆಗೆ ಗ್ರಂಥಭಾಷೆಯನ್ನು ತೆಗೆದುಕೊಳ್ಳಬಾರದು. ಕನ್ನಡಿಗರೂ ಮಾತಿನಲ್ಲಿ ಚಿಕ್ಕ ವಾಕ್ಯಗಳನ್ನು ಬಳಸುತ್ತಾರೆ. ಅನಂತರ ಕಲಿಯುವವರಿಗೆ ಎರಡು ವಾಕ್ಯಗಳನ್ನು ಕೊಟ್ಟು ಒಂದಾಗಿಸಲು ಹೇಳಬೇಕು. ಬಿಡುವಾಗಿ ಯೋಚಿಸಿದಾಗ ಸರಿಯಾಗಿ ಕೂಡಿಸಿ, ಕಥನದಲ್ಲಿ ಬಳಸದಿದ್ದರೆ ಅದು ವರ್ಜನೆ. ಕೂಡಿಸಲೂ ಆಗದಿದ್ದರೆ ಅದು ಅಜ್ಞಾನ. ಎರಡಕ್ಕೂ ಚಿಕಿತ್ಸೆ ಬೇರೆ.

ಎರಡನೆಯದು, ಸುತ್ತುದಾರಿಯನ್ನು ಮುಚ್ಚುವ ಕಾರ್ಯಗಳು. ಒಂದೇ ಬಗೆಯ ಉಡುಪಿನ ನಾಲ್ವರು ಹುಡುಗಿಯರಿರುವ ಚಿತ್ರದಲ್ಲಿ ಒಬ್ಬಳನ್ನು ಗುರುತಿಸಲು ಒಂದೇ ನುಡಿಗಟ್ಟನ್ನು ಬಳಸಬೇಕೆಂಬ ನಿಯಮವಿಟ್ಟರೆ, “ಬಾಗಿಲ ಬಳಿ ನಿಂತ ಹುಡುಗಿ” ಎನ್ನದೆ ವಿಧಿಯಿಲ್ಲ. ಕೇಳುವ ಅಭ್ಯಾಸಕ್ಕೆ ಮೇಲಿನ ರಾಜುವಿನ ಜೋಡಿಯಂಥ, ಪ್ರತ್ಯಯದಿಂದಲ್ಲದೆ ಬಿಡಿಸಲಾಗದ ವಾಕ್ಯಗಳನ್ನು ಆರಿಸಬೇಕು. ಧಾತುಗಳನ್ನು ಒಂಟಿಯಾಗಿ ಕಲಿಯದೆ ‘ನಿಂತು – ನಿಂತ – ನಿಂತರೆ – ನಿಂತಾಗ’ ಎಂಬ ಕುಟುಂಬವಾಗಿ ಕಲಿಯಬೇಕು.

ಮೂರನೆಯದು ವೇಗ. 1983ರಲ್ಲಿ ಕೀತ್ ಮಾರಿಸ್ ವಿವರಿಸಿದ ಕ್ರಮದಲ್ಲಿ ಕಲಿಯುವವರು ಒಂದೇ ವಿಷಯವನ್ನು ಮೂವರು ಬೇರೆ ಬೇರೆ ಕೇಳುಗರಿಗೆ ನಾಲ್ಕು, ಮೂರು, ಎರಡು ನಿಮಿಷಗಳಲ್ಲಿ ಹೇಳುತ್ತಾರೆ. ವಿಷಯ ಹೊಸದಲ್ಲವಾದ್ದರಿಂದ ಗಮನವನ್ನು ರೂಪಕ್ಕೆ ಮೀಸಲಿಡಬಹುದು. ಸಮಯ ಕುಗ್ಗಿದಂತೆ ರೂಪ ಬೇಗ ಒದಗಬೇಕಾಗುತ್ತದೆ. ಆದರೆ ಇದು ಕೊನೆಯಲ್ಲಿಯೇ ಬರಬೇಕು. ರಚನೆಯನ್ನು ಇನ್ನೂ ಅರಿಯದವರು ಇದನ್ನು ಮಾಡಿದರೆ ಮೂರು ಚಿಕ್ಕ ವಾಕ್ಯಗಳನ್ನೇ ಹೆಚ್ಚು ವೇಗವಾಗಿ ಹೇಳಲು ಕಲಿಯುತ್ತಾರೆ. ಅಂದರೆ ಸ್ಥಗಿತತೆ ಇನ್ನಷ್ಟು ಗಟ್ಟಿಯಾಗುತ್ತದೆ.

ಈ ಬದಲಾವಣೆಗಳು ಫಲಿಸುತ್ತಿರುವುದರ ಮೊದಲ ಲಕ್ಷಣ ತಪ್ಪುಗಳು ಹೆಚ್ಚುವುದು. ‘ನಿಲ್ಲಿದ ಹುಡುಗಿ’, ‘ಹೊರಡಿದ ಬಸ್ಸು’ ಎಂಬಂಥ ರೂಪಗಳು, ಕಲಿಯುವವರು ರಚನೆಯನ್ನು ಕೈಗೆತ್ತಿಕೊಂಡು ‘ಮಾಡಿದ’ ಮಾದರಿಯನ್ನು ವಿಸ್ತರಿಸುತ್ತಿದ್ದಾರೆಂಬುದನ್ನು ತೋರಿಸುತ್ತವೆ. ದೋಷಕ್ಕೆ ಅಂಕ ಕಳೆಯುವ ಪರೀಕ್ಷೆ ಈ ಹೆಜ್ಜೆಯನ್ನು ದಂಡಿಸಿ, ಮೂರು ಚಿಕ್ಕ ವಾಕ್ಯಗಳಿಗೆ ಪೂರ್ಣ ಅಂಕ ಕೊಡುತ್ತದೆ. ಎಲ್ಲ ಸ್ಥಗಿತತೆಗೂ ವರ್ಜನೆಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಪದಸಂಪತ್ತಿನ ಮಿತಿ ಬೇರೆಯೇ ಅಧ್ಯಯನವನ್ನು ಬೇಡುತ್ತದೆ. ಆದರೆ ದೋಷದ ಪ್ರಮಾಣವೊಂದನ್ನೇ ಪ್ರಗತಿಯ ಅಳತೆಯಾಗಿಟ್ಟುಕೊಂಡ ಸಂಶೋಧನೆ, ರಚನೆ ಎಷ್ಟು ಬಾರಿ ಪ್ರಯೋಗವಾಯಿತೆಂಬುದನ್ನೂ ಜೊತೆಗೆ ಕೊಡದಿದ್ದರೆ, ನಿಂತವರನ್ನು ಮುಂದುವರಿದವರೆಂದೂ ಮುಂದುವರಿದವರನ್ನು ಹಿಂದೆ ಬಿದ್ದವರೆಂದೂ ದಾಖಲಿಸುವ ಸಾಧ್ಯತೆ ಉಳಿಯುತ್ತದೆ.