ಎಲೆಗೊಂದು ದಾರ, ಹೂವಿಗೊಂದು ದಾರ

ಗೌರಿ ಹಬ್ಬದ ಬೆಳಿಗ್ಗೆ ಕಟ್ಟಿದ ತೋರಣ ಗಣಪತಿ ಬಿಡುವ ದಿನದವರೆಗೂ ಕಣ್ಣಿಗೆ ಚೆನ್ನಾಗಿ ಕಾಣಬೇಕು ಎನ್ನುವುದು ಎಲ್ಲರ ಆಸೆ. ಆದರೆ ಮಳೆಗಾಲದ ಥಂಡಿಗೆ ಮೂರನೇ ದಿನವೇ ಚೆಂಡು ಹೂವಿನ ಬುಡ ಕಪ್ಪಾಗುತ್ತದೆ, ಎಸಳು ಹೊಸ್ತಿಲ ಮೇಲೆ ಉದುರುತ್ತವೆ. ಮಾವಿನ ಎಲೆ ಮಾತ್ರ ಹಸಿರಾಗಿಯೇ ಇರುತ್ತದೆ. ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದ್ದರೆ ಹೂವಿನ ಜೊತೆ ಎಲೆಯನ್ನೂ ಕಿತ್ತು ಹಾಕಬೇಕಾಗುತ್ತದೆ. ಅದಕ್ಕೇ ಎರಡಕ್ಕೂ ಬೇರೆ ಬೇರೆ ದಾರ ಇರಲಿ. ಎಲೆಯ ಸಾಲು ಐದು ದಿನವೂ ಅಲ್ಲೇ ಇರುತ್ತದೆ, ಹೂವಿನದನ್ನು ನಡುವೆ ಒಮ್ಮೆ ಬದಲಿಸಿದರಾಯಿತು.

ಮೊದಲು ಎಲೆ. ತಾಮ್ರದ ಬಣ್ಣದ ಚಿಗುರು ನೋಡಲು ಚೆಂದ, ಆದರೆ ಸಂಜೆಯೊಳಗೆ ಜೋತು ಬೀಳುತ್ತದೆ. ಬಲಿತ ಎಲೆಯ ಮೇಲೆ ಮೇಣದಂಥ ದಪ್ಪ ಪದರವಿರುತ್ತದೆ, ಒಳಗಿನ ನೀರು ಬೇಗ ಆರಿಹೋಗದಂತೆ ತಡೆಯುವುದು ಅದೇ. ಚಿಗುರಿನಲ್ಲಿ ಅದು ಇನ್ನೂ ಗಟ್ಟಿಯಾಗಿರುವುದಿಲ್ಲ. ಕಡು ಹಸಿರಿನ, ಬೆರಳಲ್ಲಿ ಮಡಿಸಿದರೆ ತೊಗಲಿನಂತೆ ಬಿಗಿಯೆನಿಸುವ ಎಲೆಯನ್ನೇ ಆರಿಸಿ. ಹಿಂದಿನ ಸಂಜೆಯೇ ಸಣ್ಣ ರೆಂಬೆ ಸಮೇತ ಕೊಯ್ದು ತಂದು, ರೆಂಬೆಯ ಬುಡ ಮುಳುಗುವಂತೆ ಬಕೆಟ್ ನೀರಿನಲ್ಲಿಡಿ. ಬೆಳಿಗ್ಗೆ ಎಲೆ ಬಿಡಿಸುವಾಗ ತೊಟ್ಟಿನಿಂದ ಸೊನೆ ಬರುತ್ತದೆ. ಅದು ಆರಲಿ, ಕೆಲವರ ಚರ್ಮಕ್ಕೆ ಸೊನೆ ತಾಗಿದರೆ ಉರಿಯುತ್ತದೆ. ಎಲೆಯ ಎರಡೂ ಮಗ್ಗುಲನ್ನು ಒಣ ಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ನೆರಳಲ್ಲಿ ಹರಡಿ. ನೀರು ಕುಡಿದು ಸೆಟೆದ ಎಲೆಯನ್ನು ತಕ್ಷಣ ಮಡಿಸಲು ಹೋದರೆ ನಡುನರ ಟಕ್ಕೆಂದು ಮುರಿದು, ಎಲೆ ಸೊಟ್ಟಗೆ ತೂಗುತ್ತದೆ.

ಮೂರೂವರೆ ಅಡಿ ಅಗಲದ ಬಾಗಿಲೆಂದುಕೊಳ್ಳಿ. ಎರಡಂಗುಲಕ್ಕೆ ಒಂದರಂತೆ 21 ಎಲೆ ಬೇಕು. ಗಂಟಿಗೆಂದು ಎರಡೂ ತುದಿಯಲ್ಲಿ ಅರ್ಧರ್ಧ ಅಡಿ ಬಿಟ್ಟು, ನಾಲ್ಕೂವರೆ ಅಡಿ ಹತ್ತಿ ಹುರಿ ತೆಗೆದುಕೊಳ್ಳಿ. ಪ್ರತಿ ಎಲೆಯ ತೊಟ್ಟಿನ ಕಡೆಯಿಂದ ಒಂದಂಗುಲವನ್ನು ಹುರಿಯ ಮೇಲಿಂದ ಹಿಂದಕ್ಕೆ ಮಡಿಸಿ, ತೆಂಗಿನ ಗರಿಯ ಕಡ್ಡಿಯ ಚೂರನ್ನು ಹೊಲಿಗೆ ಹಾಕಿದಂತೆ ಒಳಗೆ ಹೊರಗೆ ಚುಚ್ಚಿ. (ಬಳಸಿದ ಪೊರಕೆಯ ಕಡ್ಡಿ ಬೇಡ, ಮನೆಯ ಹಿರಿಯರು ಸುಮ್ಮನಿರುವುದಿಲ್ಲ.) ಸ್ಟೇಪ್ಲರ್ ಪಿನ್ನಿನಿಂದಲೂ ಕೆಲಸವಾಗುತ್ತದೆ, ಆದರೆ ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ಎಲೆಯ ಮೇಲೆ ಕಂದು ಕಲೆ ಮೂಡುತ್ತದೆ.

ಇನ್ನು ಹೂವು. ಬೇಗ ಕೆಡುವುದು ಇದೇ, ಕೆಡುವುದು ಒಣಗಿ ಅಲ್ಲ, ಕೊಳೆತು. ಮಾರುಕಟ್ಟೆಯಲ್ಲಿ ಬಿಡಿ ಹೂವಿಗೆ ಆಗಾಗ ನೀರು ಚಿಮುಕಿಸುತ್ತಿರುತ್ತಾರೆ. ಆ ನೀರು ಒತ್ತಾದ ಎಸಳುಗಳ ನಡುವೆ ಇಳಿದು ಬುಡದ ಹಸಿರು ಬಟ್ಟಲಿನಲ್ಲಿ ನಿಂತುಬಿಡುತ್ತದೆ. ಹಾಗಾಗಿ ಕೊಳ್ಳುವಾಗ ಮುಖ ನೋಡುವುದಕ್ಕಿಂತ ಹೂವನ್ನು ತಿರುಗಿಸಿ ಬುಡ ನೋಡಿ. ಬಟ್ಟಲು ಗಟ್ಟಿಯಾಗಿ, ಹಸಿರಾಗಿರಬೇಕು. ಹಿಸುಕಿದಾಗ ಮೆತ್ತಗಿದ್ದರೆ, ಹುಳಿ ವಾಸನೆ ಬಂದರೆ ಬಿಟ್ಟುಬಿಡಿ. ನಡುವಿನ ಎಸಳು ಇನ್ನೂ ಪೂರ್ತಿ ಬಿಚ್ಚಿರದ ಹೂವು ಹೆಚ್ಚು ಬಾಳುತ್ತದೆ. ಈ ತೋರಣಕ್ಕೆ 20 ಹೂವು ಸಾಕು, ಕಾಲು ಕೆ.ಜಿ. ಧಾರಾಳವಾಯಿತು. ತಂದ ಕೂಡಲೇ ಪ್ಲಾಸ್ಟಿಕ್ ಚೀಲದಿಂದ ತೆಗೆದು, ತಲೆಕೆಳಗು ಮಾಡಿ ಕೊಡವಿ, ಹಳೆಯ ಪತ್ರಿಕೆಯ ಮೇಲೆ ಫ್ಯಾನಿನ ಕೆಳಗೆ ಹರಡಿ.

ಪೋಣಿಸುವಾಗ ಸೂಜಿ ಹಸಿರು ಬಟ್ಟಲನ್ನು ಅಡ್ಡಲಾಗಿ ಹಾಯಬೇಕು. ಬರೀ ಎಸಳಿಗೆ ಚುಚ್ಚಿದರೆ ಮರುದಿನವೇ ಹೂವು ಬಿಚ್ಚಿಕೊಳ್ಳುತ್ತದೆ. ಅಂಗಡಿಯ ಹಾರದಂತೆ ಒತ್ತೊತ್ತಾಗಿ ಪೋಣಿಸುವುದೂ ಬೇಡ. ಒಂದಕ್ಕೊಂದು ಅಂಟಿದ ಹೂವಿಗೆ ಗಾಳಿಯಾಡದೆ, ಒಂದು ಕೊಳೆತರೆ ಪಕ್ಕದ್ದೂ ಕೊಳೆಯುತ್ತದೆ. ಎರಡೆರಡು ಅಂಗುಲ ಬಿಟ್ಟು, ಪ್ರತಿ ಹೂವಿನ ಹಿಂದೆ ಮುಂದೆ ಒಂದೊಂದು ಗಂಟು ಹಾಕಿ. ಗಂಟಿಲ್ಲದಿದ್ದರೆ ಹೂವೆಲ್ಲ ಜಾರಿ ನಡುವೆ ಗುಂಪಾಗುತ್ತದೆ. ನೈಲಾನ್ ದಾರದಲ್ಲಂತೂ ಇದು ಖಂಡಿತ. ಎಲೆಯ ಹುರಿ ಕಟ್ಟಿದ ಮೊಳೆಗಳಿಗೇ ಈ ದಾರವನ್ನೂ ಮುಂದಿನಿಂದ ಬಿಗಿದರೆ, ಎರಡು ಎಲೆಯ ಸಂದಿಗೆ ಒಂದೊಂದು ಹೂವು ಕೂರುತ್ತದೆ.

ಚೆಂಡು ಹೂವಿನ ಬದಲು ಸೇವಂತಿಗೆ ಹಾಕಿದರೆ ಒಂದೆರಡು ದಿನ ಹೆಚ್ಚು ಬರುತ್ತದೆ, ಬೆಲೆಯೂ ಹೆಚ್ಚು. ಗುಲಾಬಿ ಬಾಗಿಲಿಗೆ ಆಗಿಬರುವುದಿಲ್ಲ, ಎಸಳು ನಿಲ್ಲುವುದಿಲ್ಲ.

ಕಟ್ಟಿದ ಮೇಲೆ ನೀರು ಚಿಮುಕಿಸುವ ಅಭ್ಯಾಸವನ್ನು ಮಳೆಗಾಲದಲ್ಲಿ ಬಿಟ್ಟುಬಿಡಿ. ಯುಗಾದಿಯ ಬಿಸಿಲಲ್ಲಾದರೆ ಸಂಜೆ ಎಲೆಗೆ ಮಾತ್ರ ಒಂದಿಷ್ಟು ಚಿಮುಕಿಸಬಹುದು. ಪಡುವಣ ಬಾಗಿಲಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವುದರಿಂದ ಅಲ್ಲಿ ಎಲ್ಲವೂ ಒಂದು ದಿನ ಮೊದಲೇ ಬಾಡುತ್ತದೆ. ಮೂರನೇ ಬೆಳಿಗ್ಗೆ ಹೂವಿನ ಬುಡ ಮುಟ್ಟಿ ನೋಡಿ. ಮೆತ್ತಗಾಗಿದ್ದರೆ ಮುಂದಿನ ದಾರವನ್ನಷ್ಟೇ ಬಿಚ್ಚಿ ಹೊಸದನ್ನು ಕಟ್ಟಿ. ಐದನೇ ದಿನದ ಹೊತ್ತಿಗೆ ಎಲೆ ನಡುನರದ ಗುಂಟ ಸ್ವಲ್ಪ ಮಡಚಿಕೊಂಡಿರುತ್ತದೆ, ಬಣ್ಣ ಮಂಕಾಗಿರುತ್ತದೆ, ಆದರೆ ಉದುರುವುದಿಲ್ಲ. ಹತ್ತಿ ಹುರಿ, ತೆಂಗಿನ ಕಡ್ಡಿ ಎರಡೂ ಮಣ್ಣಾಗುವಂಥವು, ಹಬ್ಬ ಮುಗಿದ ಮೇಲೆ ತೋರಣವನ್ನು ಬಿಡಿಸದೆ ಹಾಗೆಯೇ ಗೊಬ್ಬರದ ಗುಂಡಿಗೆ ಹಾಕಬಹುದು.